ಗ್ರೂಪ್ ಮೇಲ್‌ನಲ್ಲಿ ನಿಮ್ಮ ಕೆಲಸ ಬೇರೆಯವರ ಹೆಸರಲ್ಲಿ ಹೋದಾಗ ಏನು ಬರೆಯಬೇಕು

ನಾನು ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದಾಗ ನಡೆದದ್ದು ಇದು. ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ GSTR-2B ಬರುತ್ತದೆ. ನಮಗೆ ಮಾಲು ಕೊಟ್ಟವರು ತಮ್ಮ ಮಾರಾಟದ ರಿಟರ್ನ್ ಆದ GSTR-1ನಲ್ಲಿ ಯಾವ ಯಾವ ಬಿಲ್ ತೋರಿಸಿದ್ದಾರೆ ಎಂಬ ಪಟ್ಟಿ ಅದು. ಅದನ್ನು ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡಿ, 20ರೊಳಗೆ ನಮ್ಮ ತಿಂಗಳ ತೆರಿಗೆ ರಿಟರ್ನ್ GSTR-3B ಫೈಲ್ ಮಾಡಬೇಕು. ನಮ್ಮಲ್ಲಿ ಇಬ್ಬರು ಎರಡು ದಿನ ತಲೆ ಎತ್ತದೆ ಮಾಡುತ್ತಿದ್ದ ಕೆಲಸ. ಸಾಕಾಗಿ ಹೋಗಿ ನಾನು ಮೂರು ವಾರ ಸಂಜೆ ಹೊತ್ತು ಕೂತು ಒಂದು ಎಕ್ಸೆಲ್ ಶೀಟ್ ಮಾಡಿದೆ. ಎರಡೂ ಪಟ್ಟಿ ಹಾಕಿದರೆ ಹೊಂದಿದ್ದು, ಹೊಂದದ್ದು, ಒಂದು ಕಡೆ ಮಾತ್ರ ಇರುವುದು ಎಂದು ಮೂರು ಭಾಗ ಮಾಡಿಕೊಡುತ್ತಿತ್ತು. ಒಂದು ಗಂಟೆ ಕೆಲಸ.

15ನೇ ತಾರೀಕು ಸಂಜೆ ನಮ್ಮ ಟೀಮಿನ ಸೀನಿಯರ್ ಒಬ್ಬರು ಫೈನಾನ್ಸ್ ಹೆಡ್‌ಗೆ ಮೇಲ್ ಹಾಕಿದರು. ಸಿಸಿಯಲ್ಲಿ ಹನ್ನೊಂದು ಜನ, ನಾನೂ ಸೇರಿ. 'ತಾಳೆ ನೋಡಲು ಹೊಸ ಶೀಟ್ ತಯಾರಿಸಿದ್ದೇನೆ, ಲಗತ್ತಿಸಿದೆ.' ಹತ್ತು ನಿಮಿಷದಲ್ಲಿ ಹೆಡ್‌ರಿಂದ 'ಗ್ರೇಟ್ ವರ್ಕ್' ಬಂತು. ಅದರ ಹಿಂದೆ ಇಬ್ಬರು 'ಸೂಪರ್ ಸರ್'. ನಮಗೆ ಸೇರಬೇಕಾದ ತೆರಿಗೆ ಕ್ರೆಡಿಟ್ ಎಷ್ಟು ಅಂತ ಪತ್ತೆ ಹಚ್ಚುವ ಶೀಟಿನದೇ ಕ್ರೆಡಿಟ್ ಹೋಯಿತಲ್ಲ ಎಂದು ಈಗ ನಗು ಬರುತ್ತದೆ. ಅವತ್ತು ಬರಲಿಲ್ಲ.

ಮುಂದೆ ಏನೇನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಹಿಡಿದುಕೊಂಡೇ ಹೇಳುತ್ತೇನೆ. ನಿಮ್ಮದು ಬೇರೆ ಕೆಲಸ ಇರಬಹುದು, ಕೋಡ್, ಡಿಸೈನ್, ಟೆಂಡರ್ ಕಾಗದ, ಏನೋ ಒಂದು. ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಆ ಸಾಲನ್ನು ಸರಿಯಾಗಿ ಓದಿ

ಸಿಟ್ಟಿನಲ್ಲಿ ಓದಿದ ಮೇಲ್ ಮತ್ತು ನಿಜವಾಗಿ ಬರೆದ ಮೇಲ್ ಎರಡೂ ಒಂದೇ ಆಗಿರುವುದಿಲ್ಲ. ನಾನು ಮನೆಗೆ ಹೋಗಿ ಮತ್ತೆ ತೆಗೆದು ಓದಿದೆ. ಮೂರು ಬಗೆ ಇರುತ್ತದೆ. ಒಂದು, 'ನಾನು ಮಾಡಿದೆ' ಎಂದು ನೇರವಾಗಿ ಬರೆದಿರುತ್ತಾರೆ. ಎರಡು, 'ನಾವು ಮಾಡಿದ್ದೇವೆ' ಅಂತ ಇರುತ್ತದೆ, ಹೆಸರು ಮಾತ್ರ ಯಾರದ್ದೂ ಇರುವುದಿಲ್ಲ. ಮೂರು, 'ಶೀಟ್ ಲಗತ್ತಿಸಿದೆ' ಅಷ್ಟೇ, ಆದರೆ ಕಳಿಸಿದವರೇ ಮಾಡಿದವರು ಅಂತ ಓದಿದವರು ತಾವೇ ಅಂದುಕೊಂಡಿರುತ್ತಾರೆ. ಮೂರನೆಯದರಲ್ಲಿ ಕಳಿಸಿದವರ ತಪ್ಪು ಕಡಿಮೆ. ಅದಕ್ಕೂ ಮೊದಲನೆಯದಕ್ಕೂ ಒಂದೇ ಅಳತೆಯ ಸಿಟ್ಟು ತೋರಿಸಿದರೆ ಸಣ್ಣತನ ಅಂತ ಕಾಣುವುದು ನಮ್ಮದೇ.

ಇನ್ನೊಂದು ಮಾತು. ಕನ್ನಡದಲ್ಲಿ 'ಶೀಟ್ ಆಗಿದೆ ಸರ್, ಕಳಿಸ್ತೀವಿ' ಎನ್ನುವವರೇ ಇಂಗ್ಲಿಷ್ ಮೇಲ್ ತೆರೆದ ಕೂಡಲೇ 'ಐ ಹ್ಯಾವ್' ಎಂದು ಶುರು ಮಾಡುತ್ತಾರೆ. ಶಾಲೆಯಲ್ಲಿ ರಜೆ ಅರ್ಜಿ ಬರೆದ ಕಾಲದಿಂದ ಬಂದ ಅಭ್ಯಾಸ ಅದು. ಎಲ್ಲ 'ಐ'ಯೂ ಕಳ್ಳತನ ಅಲ್ಲ. ಆದರೆ ನನ್ನ ಕೇಸಿನಲ್ಲಿ 'ಐ ಹ್ಯಾವ್ ಡೆವಲಪ್ಡ್' ಅಂತ ಇತ್ತು. ಡೆವಲಪ್ ಅನ್ನುವ ಮಾತು ಕೈತಪ್ಪಿ ಬೀಳುವಂಥದ್ದಲ್ಲ.

ಹಾಗೆಯೇ ಟು ಮತ್ತು ಸಿಸಿಯಲ್ಲಿ ಯಾರು ಯಾರು ಇದ್ದಾರೆ ನೋಡಿ. ಹೊರಗಿನವರು, ಅಂದರೆ ಕ್ಲೈಂಟ್, ಆಡಿಟರ್, ವೆಂಡರ್ ಒಬ್ಬರಾದರೂ ಇದ್ದರೆ ಆ ಥ್ರೆಡ್‌ನಲ್ಲಿ ಈ ವಿಷಯ ಎತ್ತಬೇಡಿ. ಮನೆ ಜಗಳ ಬೀದಿಗೆ ತಂದವರು ಎಂದು ನಿಮ್ಮ ಹೆಸರೇ ಉಳಿಯುತ್ತದೆ, ಯಾಕೆ ತಂದಿರಿ ಎಂಬುದು ಯಾರಿಗೂ ನೆನಪಿರುವುದಿಲ್ಲ. ಆಗ ಮ್ಯಾನೇಜರ್ ಹತ್ತಿರ ಹೋಗಿ ಒಳಗಿನವರಿಗೆ ಮಾತ್ರ ಒಂದು ಮೇಲ್ ಹಾಕುವ ದಾರಿ ನೋಡಿ.

ಸಿಟ್ಟಿನ ಮೇಲ್ ಬರೆಯಿರಿ, ಆದರೆ ನೋಟ್‌ಪ್ಯಾಡ್‌ನಲ್ಲಿ

'ರಿಪ್ಲೈ ಆಲ್' ಒತ್ತಿ ಡ್ರಾಫ್ಟ್ ಬರೆಯಬೇಡಿ. ವಿಳಾಸಗಳು ಮೊದಲೇ ತುಂಬಿರುತ್ತವೆ, ಕೈ ಜಾರಿದರೆ ಹೋಯಿತು. ಔಟ್‌ಲುಕ್‌ನ ರಿಕಾಲ್ ನಂಬಿ ಕೂರಬೇಡಿ, ಹೊರಗಿನ ವಿಳಾಸಕ್ಕೆ ಹೋದದ್ದು ವಾಪಸ್ ಬರುವುದೇ ಇಲ್ಲ. ನಾನು ರಾತ್ರಿ ಬರೆದದ್ದು ಹೀಗಿತ್ತು:

'ಎಲ್ಲರ ಗಮನಕ್ಕೆ, ಈ ಶೀಟನ್ನು ಮೂರು ವಾರ ಆಫೀಸ್ ಮುಗಿದ ಮೇಲೆ ಕೂತು ಮಾಡಿದ್ದು ನಾನು. ನನಗೆ ಒಂದು ಮಾತೂ ತಿಳಿಸದೆ ಕಳಿಸಿರುವುದು ಬೇಸರ ತಂದಿದೆ. ಬೇಕಿದ್ದರೆ ಫೈಲ್ ಹಿಸ್ಟರಿ ನೋಡಬಹುದು.'

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಓದುವವರ ಜಾಗದಲ್ಲಿ ಕೂತು ನೋಡಿ. ಹನ್ನೊಂದರಲ್ಲಿ ಒಂಬತ್ತು ಜನಕ್ಕೆ ಇದು ಬೇಕಾಗಿಲ್ಲ. ಅವರಿಗೆ ಸಿಗುವ ಸುದ್ದಿ ಒಂದೇ, ಅಕೌಂಟ್ಸ್‌ನಲ್ಲಿ ಜಗಳ. ಹೆಡ್ ಆಗಲೇ 'ಗ್ರೇಟ್ ವರ್ಕ್' ಅಂದುಬಿಟ್ಟಿದ್ದಾರೆ, ಈ ಮೇಲ್ ಅವರನ್ನೂ ಪೇಚಿಗೆ ಸಿಲುಕಿಸುತ್ತದೆ. ಮೂರು ವಾರ, ಬೇಸರ, ಹಿಸ್ಟರಿ ಇವೆಲ್ಲ ನನ್ನ ಬಗ್ಗೆ ಇರುವ ಮಾತುಗಳು. ಶೀಟಿನ ಬಗ್ಗೆ ಒಂದಕ್ಷರವೂ ಇಲ್ಲ. ಸಣ್ಣತನ ಕಾಣುವುದು ಹಕ್ಕು ಕೇಳಿದ್ದರಿಂದ ಅಲ್ಲ, ಓದುವವನಿಗೆ ಬೇರೇನೂ ಕೊಡದೆ ಬರೀ ಹಕ್ಕು ಕೇಳಿದ್ದರಿಂದ. ಇದು ಹೊಳೆಯಲು ನನಗೆ ಒಂದು ರಾತ್ರಿ ಬೇಕಾಯಿತು.

ಸಾಕ್ಷಿ ನೋಡಿಕೊಳ್ಳಿ, ತೋರಿಸಬೇಡಿ

ಮರುದಿನ ಬೆಳಿಗ್ಗೆ ಮೊದಲು ಮಾಡಿದ್ದು ಇದು. ಫೈಲ್ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿದ್ದರೆ ಎಕ್ಸೆಲ್‌ನಲ್ಲಿ File > Info > Version History ನೋಡಿ. ಗೂಗಲ್ ಶೀಟ್ ಆದರೆ File > Version history > See version history. ಯಾವ ದಿನ ಯಾರು ಬದಲಿಸಿದರು ಎಂದು ಬರುತ್ತದೆ. ಆದರೆ ಎಕ್ಸೆಲ್‌ನ Author ಹೆಸರನ್ನು ನಂಬಬೇಡಿ. ಹಳೇ ಫೈಲ್ ಒಂದನ್ನು ಸೇವ್ ಆಸ್ ಮಾಡಿ ಶುರು ಮಾಡಿದ್ದರೆ, ಎಂದೋ ಕೆಲಸ ಬಿಟ್ಟು ಹೋದವರ ಹೆಸರು ಅಲ್ಲಿ ಕೂತಿರುತ್ತದೆ. ನನ್ನ ಶೀಟಿನಲ್ಲೂ ಅದೇ ಆಗಿತ್ತು. ಇನ್ನು ಕಂಪನಿ ಫೈಲನ್ನು ಸಾಕ್ಷಿಗೆ ಅಂತ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಲೇಬೇಡಿ. ತುಂಬ ಕಡೆ ಅದೇ ದೊಡ್ಡ ತಪ್ಪು, ಆಗ ಮಾತೆಲ್ಲ ನಿಮ್ಮ ಕಡೆ ತಿರುಗುತ್ತದೆ.

ಇದನ್ನು ನೋಡುವುದು ಯಾರಿಗೂ ತೋರಿಸಲಿಕ್ಕಲ್ಲ. ನಿಮ್ಮ ಪಾಲು ಎಷ್ಟು, ಅವರ ಪಾಲು ಎಷ್ಟು ಅಂತ ನಿಮಗೇ ಗೊತ್ತಾಗಲಿ ಅಂತ. ನಾನು ನೋಡಿದಾಗ ಸ್ವಲ್ಪ ಮುಜುಗರವೇ ಆಯಿತು. ನಮ್ಮ ವೆಂಡರ್ ಪಟ್ಟಿಯಲ್ಲಿ ತಪ್ಪಾಗಿದ್ದ ಜಿಎಸ್‌ಟಿ ನಂಬರ್‌ಗಳನ್ನು ಒಂದೊಂದಾಗಿ ಫೋನ್ ಮಾಡಿ ಸರಿಪಡಿಸಿಕೊಟ್ಟವರು ಅದೇ ಸೀನಿಯರ್. ಅದು ಸರಿಯಿಲ್ಲದಿದ್ದರೆ ಶೀಟ್ ಅರ್ಧ ಬಿಲ್‌ಗಳನ್ನು 'ಸಿಗಲಿಲ್ಲ' ಅನ್ನುತ್ತಿತ್ತು. ರಾತ್ರಿ ಬರೆದ ಮೇಲ್‌ನಲ್ಲಿ ನಾನು ಅದನ್ನು ಪೂರ್ತಿ ನುಂಗಿದ್ದೆ. ಅಂದರೆ ಅವರು ಮಾಡಿದ್ದನ್ನೇ ನಾನೂ ಮಾಡಲು ಹೊರಟಿದ್ದೆ.

ಎದುರಿಗೆ ಹೋಗಿ ಕೇಳಿ, ಒಂದೇ ಒಂದು ಕೆಲಸ ಕೇಳಿ

ಇದನ್ನು ಮೇಲ್ ಅಥವಾ ಚಾಟ್‌ನಲ್ಲಿ ಮಾಡಬೇಡಿ. ಎದುರಿಗೆ, ಇಲ್ಲವೇ ಫೋನಿನಲ್ಲಿ. ಬೇರೆಯವರು ಇರುವಾಗ ಬೇಡ. ನಾನು ಟೀ ಹೊತ್ತಿನಲ್ಲಿ ಕರೆದೆ.

'ಸರ್, ನಿನ್ನೆ ಮೇಲ್ ನೋಡಿದೆ. ಶೀಟ್ ನಾನು ಮಾಡಿದ್ದು ಅಂತ ಅದರಲ್ಲಿ ಬಂದಿಲ್ಲ. ಅದೇ ಥ್ರೆಡ್‌ನಲ್ಲಿ ನೀವೇ ಒಂದು ಸಾಲು ಹಾಕಿಬಿಡ್ತೀರಾ? ಇವತ್ತು ಸಂಜೆ ಒಳಗೆ ಆದರೆ ಸಾಕು.'

ಇಷ್ಟೇ. 'ಯಾಕೆ ಹೀಗೆ ಮಾಡಿದಿರಿ' ಎಂದು ಕೇಳಬೇಡಿ. ಯಾಕೆ ಎಂದು ಕೇಳಿದರೆ ಕಾರಣ ಬರುತ್ತದೆ, ಕಾರಣಕ್ಕೆ ನೀವು ಉತ್ತರ ಕೊಡುತ್ತೀರಿ, ಅರ್ಧ ಗಂಟೆ ಹೋಗುತ್ತದೆ, ಸಾಲು ಮಾತ್ರ ಬರುವುದಿಲ್ಲ. ಏನಾಯಿತು, ಏನು ಬೇಕು, ಯಾವಾಗ ಬೇಕು, ಈ ಮೂರೇ ಹೇಳಿ ನಿಲ್ಲಿಸಿ. ನಿಲ್ಲಿಸುವುದೇ ಕಷ್ಟ. ಸುಮ್ಮನೆ ನಿಂತಾಗ ಆಗುವ ಮುಜುಗರಕ್ಕೆ ನಾವೇ 'ಪರವಾಗಿಲ್ಲ ಬಿಡಿ ಸರ್, ಏನೂ ಅಂದ್ಕೋಬೇಡಿ' ಎಂದುಬಿಡುತ್ತೇವೆ. ನಮ್ಮೂರಿನ ಕಡೆಯ ಸಂಕೋಚ ಅದು. ಹಾಗಂದರೆ ಅವರಿಗೆ ಅದೇ ಉತ್ತರ ಆಗಿಬಿಡುತ್ತದೆ.

ಅವರು ಹೇಳಿದ್ದು: 'ಅಯ್ಯೋ ಮೇಡಂ, ಅರ್ಜೆಂಟಲ್ಲಿ ಹಾಕ್ಬಿಟ್ಟೆ, ಅಷ್ಟು ಯೋಚನೆ ಮಾಡ್ಲಿಲ್ಲ. ಹಾಕ್ತೀನಿ ಬಿಡಿ.'

ಈ ಉತ್ತರ ಬಂದರೆ ನಂಬಿ, ಸಂಜೆವರೆಗೆ ಕಾಯಿರಿ. ನಿಜವಾಗಿ ಹಾಕುವವರೂ ಇದ್ದಾರೆ, ಆಗ ವಿಷಯ ಅಲ್ಲಿಗೆ ಮುಗಿಯಿತು. ಇನ್ನು ಕೆಲವರು 'ಟೀಮ್ ಕೆಲಸ ಅಲ್ವಾ, ನಿಂದು ನಂದು ಅಂತ ಏನಿದೆ' ಅನ್ನುತ್ತಾರೆ. ಅದಕ್ಕೆ 'ಹೌದು ಸರ್, ಟೀಮ್ ಕೆಲಸವೇ. ಅದಕ್ಕೇ ಯಾರು ಏನು ಮಾಡಿದ್ವಿ ಅಂತ ಇಬ್ಬರ ಹೆಸರೂ ಹಾಕೋಣ ಅಂದೆ' ಎಂದರೆ ಸಾಕು. ಜೋರು ದನಿ ಬೇಡ. ಮತ್ತೆ ಒಂದು ವಿಷಯ ಗೊತ್ತಿರಲಿ, ಕೆಲವೊಮ್ಮೆ ಮ್ಯಾನೇಜರೇ 'ನಿಮ್ಮ ಹೆಸರಲ್ಲೇ ಕಳಿಸಿ' ಎಂದು ಹೇಳಿರುತ್ತಾರೆ. ಅದು ಹೊರಗೆ ಬರುವುದು ಹೀಗೆ ಕೇಳಿದಾಗಲೇ. ಮೊದಲೇ ರಿಪ್ಲೈ ಆಲ್ ಹಾಕಿದ್ದರೆ ನೀವು ಮ್ಯಾನೇಜರ್ ಮೇಲೇ ಹಾಕಿದಂತೆ ಆಗುತ್ತಿತ್ತು.

ನಮ್ಮವರು ಹಾಕಲಿಲ್ಲ. ಸಂಜೆ ಆರಾಯಿತು, ಬ್ಯಾಗ್ ಹಾಕಿಕೊಂಡು ಹೊರಟರು.

ಕೆಲಸ ಮಾಡಿದವರಿಗೆ ಮಾತ್ರ ಬರೆಯಲು ಬರುವ ಮೇಲ್ ಬರೆಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಇಡೀ ಲೇಖನದ ತಿರುಳು ಇದೇ. ಯಾವ ಕೆಲಸಕ್ಕೂ ಒಳಗಿನ ವಿಷಯ ಇರುತ್ತದೆ. ಎಲ್ಲಿ ಕೈಕೊಡುತ್ತದೆ, ಯಾವುದನ್ನು ಕೈಯಲ್ಲೇ ನೋಡಬೇಕು, ಮುಂದಿನ ತಿಂಗಳು ಏನು ಬದಲಿಸಬೇಕು. ಫೈಲ್ ಫಾರ್ವರ್ಡ್ ಮಾಡಿದವರಿಗೆ ಅದು ಗೊತ್ತಿರುವುದಿಲ್ಲ. ಅದನ್ನು ಅದೇ ಥ್ರೆಡ್‌ನಲ್ಲಿ, ಅದೇ ಜನಕ್ಕೆ, ಸಬ್ಜೆಕ್ಟ್ ಬದಲಿಸದೆ ಬರೆಯಿರಿ. ಓದುವವರಿಗೆ ಅದು ನಿಜವಾಗಿ ಬೇಕಾದ ಮಾಹಿತಿ. 'ನಾನು ಮಾಡಿದ್ದು' ಎಂಬುದು ಅದರೊಳಗೆ ಒಂದು ಸಾಲಾಗಿ ಹೋಗುತ್ತದೆ.

ನನಗೆ ಅನುಕೂಲ ಇತ್ತು. 3B ಹಾಕಲು 20ರವರೆಗೆ ಸಮಯ, ಆ ಶೀಟನ್ನು ಕಣ್ಣು ಮುಚ್ಚಿ ನಂಬಿದರೆ ಎರಡು ಮೂರು ಕಡೆ ನಿಜವಾಗಿ ತಪ್ಪಾಗುತ್ತಿತ್ತು. 17ರ ಬೆಳಿಗ್ಗೆ ಕಳಿಸಿದೆ. ಇಂಗ್ಲಿಷಿನಲ್ಲಿ ಕಳಿಸಿದ್ದು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ:

'ಎಲ್ಲರಿಗೂ ನಮಸ್ಕಾರ. ಈ ಶೀಟ್ ಇಷ್ಟವಾಗಿದ್ದು ಖುಷಿ. ಇದನ್ನು ಕಟ್ಟುವಾಗ ನನಗೆ ಕಂಡ ಮೂರು ಮಿತಿಗಳನ್ನು 3B ಹಾಕುವ ಮೊದಲು ತಿಳಿಸುತ್ತಿದ್ದೇನೆ.

1. ಕ್ರೆಡಿಟ್ ನೋಟ್‌ಗಳನ್ನು ಶೀಟ್ ಹೊಂದಿಸುವುದಿಲ್ಲ. ಈ ತಿಂಗಳು ಅವನ್ನು ಕೈಯಲ್ಲೇ ನೋಡಬೇಕು.

2. ಮೂರು ತಿಂಗಳಿಗೊಮ್ಮೆ GSTR-1 ಹಾಕುವ ಸಣ್ಣ ಸಪ್ಲೈಯರ್‌ಗಳ ಬಿಲ್ ನಡುವಿನ ತಿಂಗಳಲ್ಲಿ 'ಸಿಗಲಿಲ್ಲ' ಎಂದು ಬರಬಹುದು. ಅದನ್ನು ನೋಡಿ ಅವರ ಪೇಮೆಂಟ್ ತಡೆಹಿಡಿಯಬೇಡಿ, ಅವರು ಯಾವ ಬಗೆ ಎಂದು ಮೊದಲು ನೋಡಿ.

3. ಬಿಲ್ ನಂಬರಿನ ಗೆರೆ, ಮುಂದಿನ ಸೊನ್ನೆ, ವರ್ಷ ಎಲ್ಲ ತೆಗೆದು ಹೋಲಿಸುತ್ತೇನೆ, ಹಾಗಾಗಿ ಒಬ್ಬರೇ ಸಪ್ಲೈಯರ್‌ನ ಹೋದ ವರ್ಷದ 47, ಈ ವರ್ಷದ 47 ಗೊಂದಲ ಆಗಬಹುದು. ಮೊತ್ತವನ್ನೂ ಹೋಲಿಸಿ.

ವೆಂಡರ್ ಪಟ್ಟಿಯ ಜಿಎಸ್‌ಟಿ ನಂಬರ್‌ಗಳನ್ನು ಸರ್ ಸರಿಪಡಿಸಿಕೊಟ್ಟಿದ್ದರಿಂದ ಇದು ಸಾಧ್ಯವಾಯಿತು. ಕ್ರೆಡಿಟ್ ನೋಟ್ ಭಾಗವನ್ನು ಮುಂದಿನ 14ರೊಳಗೆ ಸೇರಿಸುತ್ತೇನೆ. ಶೀಟಿನಲ್ಲಿ ಏನಾದರೂ ತೊಂದರೆ ಕಂಡರೆ ನನಗೆ ಬರೆಯಿರಿ.'

ಮೂರನೆಯದರ ಹಿನ್ನೆಲೆ ಬೇರೆಯವರಿಗೆ ಗೊತ್ತಿರಲಿಲ್ಲ. ಬಿಲ್ ಮೇಲೆ '0047/24-25' ಇದ್ದರೆ ನಮ್ಮವರು ಟ್ಯಾಲಿಯಲ್ಲಿ ಬರೀ '47' ಹೊಡೆದಿರುತ್ತಾರೆ, ಅದಕ್ಕೇ ನಾನು ಎಲ್ಲ ಕಿತ್ತುಹಾಕಿ ಹೋಲಿಸಿದ್ದು. ಇಂಥ ಒಂದು ವಿವರ ಬಿದ್ದರೆ ಯಾರು ಮಾಡಿದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಮೇಲ್‌ನಲ್ಲಿ ಏನಿಲ್ಲ ಅಂತಲೂ ನೋಡಿ. 'ಜಸ್ಟ್ ಟು ಕ್ಲಾರಿಫೈ' ಇಲ್ಲ, 'ಫಾರ್ ದ ರೆಕಾರ್ಡ್' ಇಲ್ಲ, 'ಆಕ್ಚುಲಿ' ಇಲ್ಲ. ಆ ಮೂರರಲ್ಲಿ ಒಂದು ಇದ್ದರೂ ಓದುವವರು 'ಓಹೋ, ಏನೋ ಇದೆ' ಅಂತ ಕುರ್ಚಿ ಮುಂದೆ ಎಳೆದುಕೊಳ್ಳುತ್ತಾರೆ. ಮೂರು ವಾರದ ಲೆಕ್ಕ ಇಲ್ಲ. ಹೊಸದಾಗಿ ಯಾರನ್ನೂ ಸಿಸಿಗೆ ಸೇರಿಸಿಲ್ಲ. ಎಚ್‌ಆರ್ ಸೇರಿಸಿದ ಕ್ಷಣ ಅದು ದೂರು ಆಗುತ್ತದೆ. ಸ್ಮೈಲಿಯೂ ಬೇಡ, ಇಂಥ ಕಡೆ ಅದು ಚುಚ್ಚಿದ ಹಾಗೆ ಕಾಣುತ್ತದೆ.

ಅವರ ಪಾಲಿನ ಸಾಲನ್ನು ಹಾಕಲು ಕೈ ಬರುವುದಿಲ್ಲ, ನನಗೂ ಬರಲಿಲ್ಲ. ಆದರೂ ಹಾಕಿ. ನಿಜವಾಗಿ ಮಾಡಿದ್ದನ್ನು ಮಾತ್ರ, ಹೆಸರಿಟ್ಟು ಹಾಕಿ. 'ಸರ್ ಮಾರ್ಗದರ್ಶನದಲ್ಲಿ' ಎಂಬ ಸುಳ್ಳು ಗೌರವ ಬೇಡ, ಅದನ್ನು ಹಾಕಿದರೆ ಮತ್ತೆ ಎಲ್ಲ ಅವರದೇ ಆಗುತ್ತದೆ. 'ಜಿಎಸ್‌ಟಿ ನಂಬರ್ ಸರಿಪಡಿಸಿದರು' ಎಂದು ಇಷ್ಟೇ ಅಳತೆಗೆ ಬರೆದರೆ ಉಳಿದದ್ದು ಯಾರದು ಎಂಬುದು ತಾನಾಗಿಯೇ ಕಾಣುತ್ತದೆ.

ಹೊತ್ತಿನ ಮಾತು. ಒಂದೆರಡು ದಿನದೊಳಗೆ ಕಳಿಸಿ. ಥ್ರೆಡ್ ತಣ್ಣಗಾಗಿ ವಾರ ಕಳೆದ ಮೇಲೆ ಎಬ್ಬಿಸಿದರೆ, ಎಷ್ಟು ಒಳ್ಳೆಯ ಮಾಹಿತಿ ಇದ್ದರೂ, ವಾರವಿಡೀ ಇದನ್ನೇ ಕುದಿಸಿಕೊಂಡು ಕೂತಿದ್ದರು ಅಂತಲೇ ಕಾಣುತ್ತದೆ. ತಡವಾಗಿದ್ದರೆ ಆ ಥ್ರೆಡ್ ಬಿಟ್ಟುಬಿಡಿ. ಮುಂದಿನ ವರ್ಷನ್ ಕಳಿಸುವಾಗ ಹೊಸ ಮೇಲ್‌ನಲ್ಲಿ ಬರೆಯಿರಿ.

ಬರೆಯಲು ಇಂಥ ಒಳಗಿನ ವಿಷಯ ಏನೂ ಇಲ್ಲದಿದ್ದರೆ? ಆಗ ಎರಡು ಸಲ ಯೋಚಿಸಿ. ಹತ್ತು ನಿಮಿಷದ ಪಿವಟ್ ಟೇಬಲ್‌ಗೆ, ಮೀಟಿಂಗ್ ನೋಟ್ಸ್‌ಗೆ ಇಷ್ಟೆಲ್ಲ ಓಡಾಡುವುದು ನನ್ನ ಪ್ರಕಾರ ದಂಡ. ಬಿಟ್ಟುಬಿಡಿ.

ಮ್ಯಾನೇಜರ್‌ಗೆ ಹೇಳುವುದು

ಮೇಲ್ ಕಳಿಸಿದ ಮೇಲೆ ತಿಂಗಳಿಗೊಮ್ಮೆ ಮ್ಯಾನೇಜರ್ ಜೊತೆ ನೀವಿಬ್ಬರೇ ಕೂತು ಆಡುವ ಮಾತುಕತೆಯಲ್ಲಿ ಎರಡು ಮಾತು ಸಾಕು. 'ತಾಳೆ ಶೀಟ್ ನಾನು ಮಾಡಿದ್ದು, ಮುಂದಿನ ತಿಂಗಳು ಕ್ರೆಡಿಟ್ ನೋಟ್ ಸೇರಿಸ್ತೀನಿ. ಇನ್ನು ಮುಂದೆ ನಾನು ಮಾಡಿದ್ದನ್ನ ನಾನೇ ಕಳಿಸಬಹುದಾ ಸರ್?' ಎರಡನೆಯದು ಮುಖ್ಯ. ಆ ಸಹೋದ್ಯೋಗಿಯ ಬಗ್ಗೆ ಏನೂ ಹೇಳಿಲ್ಲ, ಆದರೆ ಮುಂದಿನ ಸಲ ಯಾರು ಕಳಿಸಬೇಕು ಎಂಬುದು ತೀರ್ಮಾನ ಆಯಿತು. ಮ್ಯಾನೇಜರ್ ತಾವೇ 'ಯಾಕೆ, ಏನಾಯ್ತು' ಎಂದರೆ ಆಗ ನಡೆದದ್ದನ್ನು ಹೇಳಿ, ಬಣ್ಣ ಹಚ್ಚದೆ.

ಇದೇ ಮನುಷ್ಯ ಎರಡನೇ, ಮೂರನೇ ಸಲ ಮಾಡಿದರೆ ಲೆಕ್ಕ ಬೇರೆ. ಆಗ ತಾರೀಕು, ಯಾವ ಫೈಲ್, ಏನು ಬರೆದರು, ನೀವು ಯಾವಾಗ ಕೇಳಿದಿರಿ ಎಂದು ನಾಲ್ಕು ಸಾಲು ಬರೆದಿಟ್ಟುಕೊಂಡು ನೇರವಾಗಿ ಹೇಳಬೇಕು, ಆಗ ವರ್ಷನ್ ಹಿಸ್ಟರಿಯನ್ನೂ ತೋರಿಸಬಹುದು. ಮ್ಯಾನೇಜರೇ ಕ್ರೆಡಿಟ್ ತೆಗೆದುಕೊಂಡಿದ್ದರೆ ಈ ಇಡೀ ದಾರಿ ಅಷ್ಟಾಗಿ ನಡೆಯುವುದಿಲ್ಲ. ತುಂಬ ಆಫೀಸುಗಳಲ್ಲಿ ಟೀಮಿನ ಕೆಲಸವನ್ನು ಮ್ಯಾನೇಜರ್ ಮೇಲಿನವರಿಗೆ ಕೊಡುವುದೇ ಪದ್ಧತಿ. ಅಲ್ಲಿ ಅಪ್ರೈಸಲ್ ಫಾರ್ಮ್‌ನಲ್ಲಿ ನಿಮ್ಮ ಕೆಲಸ ಸರಿಯಾಗಿ ಬಂತಾ ಅಂತ ಮಾತ್ರ ನೋಡಿಕೊಳ್ಳಿ.

ನನ್ನ ತಪ್ಪೂ ಒಂದಿತ್ತು. ಶೀಟ್ ಮುಗಿದಾಗ ನಾನು ಯಾರಿಗೂ ಮೇಲ್ ಹಾಕಿರಲಿಲ್ಲ. 'ಸರ್ ಒಂದ್ಸಲ ನೋಡಿ' ಅಂತ ಚಾಟ್‌ನಲ್ಲಿ ತಳ್ಳಿದ್ದೆ, ಫೈಲ್ ಹೆಸರು final2. ಜಿಎಸ್‌ಟಿಯಲ್ಲಿ ಸಪ್ಲೈಯರ್ ಬಿಲ್ ಅಪ್‌ಲೋಡ್ ಮಾಡದಿದ್ದರೆ ನಮ್ಮ 2Bಯಲ್ಲಿ ಅದು ಬರುವುದೇ ಇಲ್ಲ, ಮಾಲು ಗೋಡೌನಿಗೆ ಬಂದು ಬಿದ್ದಿದ್ದರೂ. ಅದನ್ನೇ ದಿನವಿಡೀ ವೆಂಡರ್‌ಗಳಿಗೆ ಫೋನ್ ಮಾಡಿ ಬೈಯುತ್ತಿದ್ದವಳು ನಾನು. ಈಗ ಏನೇ ಮಾಡಲಿ, ಮೊದಲ ಶೀಟಿನಲ್ಲಿ ಯಾರು ಮಾಡಿದ್ದು, ಯಾವ ತಾರೀಕು, ತೊಂದರೆ ಆದರೆ ಯಾರನ್ನು ಕೇಳಬೇಕು ಎಂದು ಬರೆಯುತ್ತೇನೆ. ಪರಿಶೀಲನೆಗೆ ಕೊಡುವಾಗಲೂ ಮ್ಯಾನೇಜರ್‌ಗೆ ಸಿಸಿ ಹಾಕಿ ಮೇಲ್‌ನಲ್ಲೇ ಕೊಡುತ್ತೇನೆ.

17ರ ಮೇಲ್‌ಗೆ ಹೆಡ್ 'ನೋಟೆಡ್, ಥ್ಯಾಂಕ್ಸ್' ಎಂದಷ್ಟೇ ಬರೆದರು. ಯಾರೂ 'ಓಹ್, ನೀವಾ ಮಾಡಿದ್ದು' ಅನ್ನಲಿಲ್ಲ. ಆದರೆ ಮಧ್ಯಾಹ್ನ ಪರ್ಚೇಸ್‌ನವರು ಎರಡನೇ ಪಾಯಿಂಟ್ ಬಗ್ಗೆ ನನಗೇ ಫೋನ್ ಮಾಡಿದರು, ಅವರು ಆಗಲೇ ಒಬ್ಬ ಸಣ್ಣ ಸಪ್ಲೈಯರ್‌ನ ಪೇಮೆಂಟ್ ನಿಲ್ಲಿಸಿ ಕೂತಿದ್ದರು. ಸೀನಿಯರ್ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ ಬಂದು, 'ಮೇಡಂ, ಆ ಕ್ರೆಡಿಟ್ ನೋಟ್‌ದು ಯಾವಾಗ ಆಗುತ್ತೆ?' ಎಂದರು. ಮುಂದಿನ ತಿಂಗಳು 13ಕ್ಕೆ ಮುಗಿಸಿದೆ. ಮೇಲ್ ನಾನೇ ಹಾಕಿದೆ.